ಹತ್ತು ನಿಮಿಷ ಮೂರಾಗುವ ಬಗೆ

ತಂದೆಯ ಷಷ್ಟ್ಯಬ್ದಿಗೆಂದು ಮಕ್ಕಳು ಮಾಡಿಸಿದ 10 ನಿಮಿಷದ ವಿಡಿಯೊವನ್ನು 3 ನಿಮಿಷಕ್ಕೆ ಇಳಿಸಬೇಕಾದ ಸಂಕಲನಕಾರ ಮೊದಲು ಕೈ ಹಾಕುವುದು ಮಾತಿಗೆ. ‘ಅಪ್ಪ ತುಂಬ ಒಳ್ಳೆಯವರು’ ಎಂಬ ಹೊಗಳಿಕೆ ಎಲ್ಲರ ಬಾಯಲ್ಲೂ ಬರುತ್ತದೆ, ಅದನ್ನು ತೆಗೆಯುತ್ತಾನೆ. ಫೀಸು ಕಟ್ಟಲು ಅಪ್ಪ ಸೈಕಲ್ ಮಾರಿದ್ದನ್ನು ಮಗಳು ಹೇಳುವ ಪ್ರಸಂಗ ಉಳಿಯುತ್ತದೆ. ಹೀಗೆ ಆಯ್ದ ಮಾತು 2 ನಿಮಿಷವಾದರೆ, ಬರೀ ಸಂಗೀತ ಮತ್ತು ಫೋಟೊಗಳಿಗೆ ಸಿಗುವುದು 60 ಸೆಕೆಂಡು. ಫೋಟೊಗೆ 4 ಸೆಕೆಂಡಿನಂತೆ 15 ಹಿಡಿಸುತ್ತವೆ. ಇನ್ನಷ್ಟನ್ನು ಮಾತು ತುಂಡಾದ ಜಾಗಗಳ ಮೇಲೆ ಹೊದಿಸಿದರೆ ದೃಶ್ಯದ ಜಿಗಿತ ಕಾಣುವುದಿಲ್ಲ. ಮಾತು ಕೈಬಿಟ್ಟ ಬಂಧುಗಳ ಮುಖವಾದರೂ ಅಲ್ಲಿ ಬರಬೇಕು, ಇಲ್ಲವಾದರೆ ಮನಸ್ತಾಪ ಖಚಿತ. ಕೊನೆಗೆ ಕಣ್ಣುಮುಚ್ಚಿ ಧ್ವನಿಯನ್ನಷ್ಟೇ ಕೇಳಬೇಕು. ಕಥೆ ಅರ್ಥವಾದರೆ ಸಂಕಲನ ಸರಿಯಾಗಿದೆ.