ಹಾಡು ಕೇಳಿದರೆ ವಯಸ್ಸು ಇಳಿಯುತ್ತದೆಯೇ?

ಬೀಟಲ್ಸ್ ತಂಡದ ‘ವೆನ್ ಐ ಆಮ್ ಸಿಕ್ಸ್‌ಟಿ ಫೋರ್’ ಹಾಡು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಇಳಿಯುತ್ತದೆ. ಮನಸ್ಸಿಗೆ ಹಾಗನ್ನಿಸುತ್ತದೆ ಎಂದಲ್ಲ, ಜನ್ಮದಿನಾಂಕ ಹಿಡಿದು ಲೆಕ್ಕ ಹಾಕಿದ ವಯಸ್ಸೇ ಕಡಿಮೆಯಾಗುತ್ತದೆ. ಇಂಥದೊಂದು ಫಲಿತಾಂಶ 2011ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಎಂಬ ಹೆಸರಾಂತ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 20 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆ ಹಾಡು, ಉಳಿದವರಿಗೆ ವಿಂಡೋಸ್ 7 ಜೊತೆ ಉಚಿತವಾಗಿ ಬರುತ್ತಿದ್ದ ‘ಕಲಿಂಬಾ’ ಎಂಬ ಸಂಗೀತ. ಹಾಡು ಕೇಳಿದವರ ಸರಾಸರಿ ವಯಸ್ಸು 20.1, ಕಲಿಂಬಾ ಕೇಳಿದವರದು 21.5. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲೂ ಪಾಸಾಗಿತ್ತು.

ಪ್ರಯೋಗ ನಿಜವಾಗಿ ನಡೆದಿತ್ತು. ಒಂದೇ ಒಂದು ಅಂಕಿಯನ್ನೂ ಕಲ್ಪಿಸಿ ಬರೆದಿರಲಿಲ್ಲ. ಮಾಡಿದವರು ಜೋಸೆಫ್ ಸಿಮನ್ಸ್, ಲೀಫ್ ನೆಲ್ಸನ್ ಮತ್ತು ಯೂರಿ ಸಿಮನ್‌ಸನ್. ಹಾಡಿಗೆ ಅಂಥ ಶಕ್ತಿಯಿಲ್ಲ ಎಂದು ಅವರಿಗೂ ಗೊತ್ತಿತ್ತು. ತಮ್ಮ ಕ್ಷೇತ್ರದಲ್ಲಿ ಎಲ್ಲರೂ ಸಹಜವೆಂದು ಮಾಡುತ್ತಿದ್ದ ಕೆಲಸಗಳನ್ನಷ್ಟೇ ಮಾಡಿ, ಆಗಲಾರದ್ದನ್ನೂ ಆಯಿತೆಂದು ತೋರಿಸಬಹುದು ಎನ್ನುವುದನ್ನು ಬಯಲು ಮಾಡುವುದೇ ಅವರ ಉದ್ದೇಶವಾಗಿತ್ತು.

ಅವರು ಮಾಡಿದ್ದು ಅರ್ಥವಾಗಬೇಕಾದರೆ ‘ಪಿ-ಮೌಲ್ಯ’ ಎಂಬ ಒಂದು ಲೆಕ್ಕ ತಿಳಿದಿರಬೇಕು. ಔಷಧವೋ ಹಾಡೋ ಏನೂ ಪರಿಣಾಮ ಮಾಡುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಎರಡು ಗುಂಪುಗಳ ಸರಾಸರಿ ತದ್ರೂಪ ಒಂದೇ ಆಗುವುದಿಲ್ಲ, ಆಕಸ್ಮಿಕವಾಗಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಈಗ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕದಿಂದ ಬರುವ ಸಂಭವ ಎಷ್ಟು ಎನ್ನುವುದೇ ಪಿ-ಮೌಲ್ಯ. ಅದು 0.05ಕ್ಕಿಂತ, ಅಂದರೆ ನೂರಕ್ಕೆ ಐದಕ್ಕಿಂತ, ಕಡಿಮೆಯಿದ್ದರೆ ಫಲಿತಾಂಶ ‘ಗಮನಾರ್ಹ’ ಎನ್ನುವುದು ವಾಡಿಕೆ. ಹಾಡಿನ ಪ್ರಯೋಗದಲ್ಲಿ ಅದು 0.040 ಇತ್ತು. ಗೆರೆ ದಾಟಿತು, ಅಷ್ಟೇ.

ಆದರೆ ಈ ನೂರಕ್ಕೆ ಐದು ಎಂಬ ಭರವಸೆಗೆ ಒಂದು ಷರತ್ತಿದೆ. ಏನನ್ನು ಅಳೆಯಬೇಕು, ಎಷ್ಟು ಜನರನ್ನು ಸೇರಿಸಬೇಕು, ಲೆಕ್ಕ ಹೇಗೆ ಹಾಕಬೇಕು ಎನ್ನುವುದೆಲ್ಲ ಮೊದಲೇ ಗಟ್ಟಿಯಾಗಿದ್ದು, ಪರೀಕ್ಷೆ ಒಂದೇ ಸಲ ನಡೆದಿರಬೇಕು. ಈ ಮೂವರು ಆ ಷರತ್ತನ್ನು ಹೇಗೆ ಮುರಿದೆವು ಎಂಬುದನ್ನು ಅದೇ ಪ್ರಬಂಧದಲ್ಲಿ ತೆರೆದಿಟ್ಟರು.

ಅಸಲಿಗೆ ಹಾಡು ಕೇಳಿಸಿದ್ದು 20 ಜನರಿಗಲ್ಲ, 34 ಜನರಿಗೆ. ಎರಡಲ್ಲ, ಮೂರು ಗುಂಪುಗಳಿದ್ದವು; ಮೂರನೆಯ ಗುಂಪು ‘ಹಾಟ್ ಪೊಟಾಟೊ’ ಎಂಬ ಮಕ್ಕಳ ಹಾಡು ಕೇಳಿತ್ತು. ಅದರಿಂದ ಬೇಕಾದದ್ದು ಸಿಗದಿದ್ದಾಗ ಆ ಗುಂಪನ್ನೇ ವರದಿಯಿಂದ ಕೈಬಿಟ್ಟರು. ವಿದ್ಯಾರ್ಥಿಗಳಿಗೆ ಕೇಳಿದ ಪ್ರಶ್ನೆಗಳೂ ಒಂದೆರಡಲ್ಲ. ಅಪ್ಪನ ವಯಸ್ಸು, ಅಮ್ಮನ ವಯಸ್ಸು, ರಾಜಕೀಯ ಒಲವು, 100ರ ವರ್ಗಮೂಲ, ‘ಆ ಕಾಲವೇ ಚೆನ್ನಾಗಿತ್ತು’ ಎಂದು ಎಷ್ಟು ಸಲ ಹೇಳುತ್ತೀರಿ, ಹೀಗೆ ಒಂದು ಪಟ್ಟಿಯೇ ಇತ್ತು. ಇವುಗಳಲ್ಲಿ ಯಾವುದನ್ನು ಲೆಕ್ಕಕ್ಕೆ ಸೇರಿಸಿದರೆ ಗೆರೆ ದಾಟಬಹುದು ಎಂದು ನೋಡಿದಾಗ ಒದಗಿ ಬಂದದ್ದು ಅಪ್ಪನ ವಯಸ್ಸು. ಅಪ್ಪನಿಗೆ ವಯಸ್ಸಾದಷ್ಟೂ ಮಗನೋ ಮಗಳೋ ದೊಡ್ಡವರಿರುವುದು ಸಹಜ, ಆದ್ದರಿಂದ ಆ ಅಂಶವನ್ನು ಸರಿದೂಗಿಸಿ ಲೆಕ್ಕ ಹಾಕಿದ್ದೇವೆ ಎಂದರೆ ಓದುವವರಿಗೆ ಅದು ಎಚ್ಚರಿಕೆಯ ಕೆಲಸವೆಂದೇ ಕಾಣುತ್ತದೆ. ಅಪ್ಪನ ವಯಸ್ಸನ್ನು ತೆಗೆದುಬಿಟ್ಟರೆ ಪಿ-ಮೌಲ್ಯ 0.33ಕ್ಕೆ ಜಿಗಿಯುತ್ತಿತ್ತು. ಅಂದರೆ ಆಕಸ್ಮಿಕದಿಂದಲೇ ಮೂರರಲ್ಲಿ ಒಂದು ಸಲ ಬರುವಂಥ ವ್ಯತ್ಯಾಸ. ಹೇಳಲು ಏನೂ ಇಲ್ಲ.

ಇನ್ನೂ ಒಂದು ಕೆಲಸ ಮಾಡಿದ್ದರು. ಎಷ್ಟು ಜನರಾದ ಮೇಲೆ ನಿಲ್ಲಿಸಬೇಕೆಂದು ಮೊದಲೇ ನಿಶ್ಚಯಿಸಿರಲಿಲ್ಲ. ಸುಮಾರು ಹತ್ತು ಜನರ ಒಂದೊಂದು ಸುತ್ತು ಮುಗಿದಂತೆಲ್ಲ ಲೆಕ್ಕ ಹಾಕಿ ನೋಡುತ್ತಿದ್ದರು. ಇದರಲ್ಲೇನು ತಪ್ಪು ಎಂದು ಯಾರಿಗಾದರೂ ಅನ್ನಿಸುತ್ತದೆ. ಹೆಚ್ಚು ಜನರನ್ನು ಸೇರಿಸುವುದು ಒಳ್ಳೆಯದೇ ಅಲ್ಲವೇ? ಸೇರಿಸುವುದು ತಪ್ಪಲ್ಲ. ಆಕಸ್ಮಿಕದ ಏರಿಳಿತದಲ್ಲಿ ಪಿ-ಮೌಲ್ಯ ಯಾವುದೋ ಒಂದು ಗಳಿಗೆಯಲ್ಲಿ 0.05ರ ಕೆಳಗೆ ಇಳಿಯಬಹುದು, ಆ ಗಳಿಗೆಗೇ ಕಾದು ಕುಳಿತು ನಿಲ್ಲಿಸಿಬಿಡುವುದು ತಪ್ಪು. ಸಮಾನ ಅಂತರದಲ್ಲಿ ಐದು ಸಲ ಹೀಗೆ ಇಣುಕಿ ನೋಡಿದರೆ, ಇಲ್ಲದ ಪರಿಣಾಮ ಇದೆಯೆಂದು ಕಾಣುವ ಸಂಭವ ನೂರಕ್ಕೆ ಐದರಿಂದ ಹದಿನಾಲ್ಕಕ್ಕೆ ಏರುತ್ತದೆ. ಇಂಥ ನಾಲ್ಕು ಸ್ವಾತಂತ್ರ್ಯಗಳನ್ನು ಒಟ್ಟಿಗೆ ಬಳಸಿದರೆ ಏನಾಗುತ್ತದೆ ಎಂದು ಅವರು ಕಂಪ್ಯೂಟರಿನಲ್ಲಿ ಸಾವಿರಾರು ಕೃತಕ ಪ್ರಯೋಗ ನಡೆಸಿ ನೋಡಿದರು. ಏನೂ ಇಲ್ಲದ ಕಡೆ ಏನೋ ಇದೆ ಎಂದು ತೋರಿದ್ದು ನೂರಕ್ಕೆ 60.7 ಸಲ. ನಾಣ್ಯ ಚಿಮ್ಮಿದ್ದರೆ ತಪ್ಪು ಇದಕ್ಕಿಂತ ಕಡಿಮೆಯಾಗುತ್ತಿತ್ತು!

ಇದಕ್ಕೇ ಪಿ-ಹ್ಯಾಕಿಂಗ್ ಎಂಬ ಹೆಸರು ಬಂತು. ಇದನ್ನು ಮೋಸ ಎಂದು ಕರೆದು ಮುಗಿಸಿದರೆ ರೋಗದ ಮೂಲ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಕಿಗಳನ್ನು ಎದುರಿಗಿಟ್ಟುಕೊಂಡ ಸಂಶೋಧಕನಿಗೆ ಪ್ರತಿಯೊಂದು ಆಯ್ಕೆಗೂ ನ್ಯಾಯವಾದ ಕಾರಣ ಹೊಳೆಯುತ್ತದೆ. ‘ಆ ವಿದ್ಯಾರ್ಥಿ ನಿದ್ದೆಗಣ್ಣಲ್ಲಿದ್ದ, ಅವನ ಉತ್ತರ ಬೇಡ’, ‘ಈ ಪರಿಣಾಮ ಹೆಂಗಸರಲ್ಲಷ್ಟೇ ಇರಬಹುದು, ಬೇರೆ ಮಾಡಿ ನೋಡೋಣ’. ಫಲಿತಾಂಶ ಬೇಕಾದ ಹಾಗೆ ಬಂದಿದ್ದರೆ ಈ ಕಾರಣಗಳು ಹೊಳೆಯುತ್ತಲೇ ಇರಲಿಲ್ಲ ಎನ್ನುವುದು ಮಾತ್ರ ಅವನ ಗಮನಕ್ಕೆ ಬರುವುದಿಲ್ಲ. ಮೇಲಾಗಿ ‘ಏನೂ ಸಿಗಲಿಲ್ಲ’ ಎಂಬ ಪ್ರಬಂಧವನ್ನು ಪತ್ರಿಕೆಗಳು ಸುಲಭಕ್ಕೆ ಅಚ್ಚು ಹಾಕುವುದಿಲ್ಲ, ಬಡ್ತಿಯೂ ಸಿಗುವುದಿಲ್ಲ.

ಹಾಗಾದರೆ ಸುಳ್ಳು ಫಲಿತಾಂಶ ಬಯಲಾಗುವುದು ಹೇಗೆ? ಮತ್ತೊಬ್ಬರು ಅದೇ ಪ್ರಯೋಗವನ್ನು ಹೊಸ ಜನರ ಮೇಲೆ ಮಾಡಿ ನೋಡಬೇಕು. ಕೇಳಲು ಸಲೀಸು. ಆದರೆ ಅದೇ 2011ರಲ್ಲಿ ನಡೆದದ್ದನ್ನು ನೋಡಿ. ಕಾರ್ನೆಲ್ ವಿಶ್ವವಿದ್ಯಾಲಯದ ಹಿರಿಯ ಮನಶ್ಶಾಸ್ತ್ರಜ್ಞ ಡ್ಯಾರಿಲ್ ಬೆಮ್ ಒಂಬತ್ತು ಪ್ರಯೋಗಗಳ ಒಂದು ಪ್ರಬಂಧ ಪ್ರಕಟಿಸಿ, ಮನುಷ್ಯರು ಮುಂದಾಗುವುದನ್ನು ಮೊದಲೇ ಗ್ರಹಿಸಬಲ್ಲರು ಎಂದರು. ಅವುಗಳಲ್ಲೊಂದರ ಪ್ರಕಾರ, ಪರೀಕ್ಷೆ ಮುಗಿದ ಮೇಲೆ ಕೆಲವು ಪದಗಳನ್ನು ಓದಿ ಅಭ್ಯಾಸ ಮಾಡಿದವರಿಗೆ, ಮುಗಿದು ಹೋದ ಪರೀಕ್ಷೆಯಲ್ಲಿ ಅವೇ ಪದಗಳು ಹೆಚ್ಚು ನೆನಪಾಗಿದ್ದವು! ಬ್ರಿಟನ್ನಿನ ಸ್ಟುವರ್ಟ್ ರಿಚಿ, ರಿಚರ್ಡ್ ವೈಸ್‌ಮನ್ ಮತ್ತು ಕ್ರಿಸ್ಟೋಫರ್ ಫ್ರೆಂಚ್ ಇದನ್ನು ಮೂರು ಕಡೆ ಮತ್ತೆ ಮಾಡಿದರು. ಅಂಥದ್ದೇನೂ ಕಾಣಲಿಲ್ಲ. ಬೆಮ್ ಪ್ರಬಂಧವನ್ನು ಅಚ್ಚು ಹಾಕಿದ ಪತ್ರಿಕೆಗೇ ಇದನ್ನು ಕಳಿಸಿದಾಗ ಬಂದ ಉತ್ತರ: ನಾವು ಪುನರಾವರ್ತನೆಗಳನ್ನು ಪ್ರಕಟಿಸುವುದಿಲ್ಲ. ಕೊನೆಗೆ 2012ರಲ್ಲಿ ಅದು ಬೇರೆ ಪತ್ರಿಕೆಯಲ್ಲಿ ಬಂತು.

ಒಂದು ಪ್ರಬಂಧದ ಗತಿ ಹೀಗಾದರೆ ಉಳಿದವುಗಳ ಕಥೆಯೇನು ಎಂಬ ಪ್ರಶ್ನೆ ಎದ್ದಿತು. ವರ್ಜೀನಿಯಾದ ಬ್ರಯನ್ ನೊಸೆಕ್ ನೇತೃತ್ವದಲ್ಲಿ ನೂರಾರು ಸಂಶೋಧಕರು ಸೇರಿ, 2008ರಲ್ಲಿ ಮೂರು ಪ್ರಮುಖ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಪುನಃ ನಡೆಸಿದರು. ಮೂಲದಲ್ಲಿ ನೂರಕ್ಕೆ 97 ‘ಗಮನಾರ್ಹ’ವಾಗಿದ್ದವು, ಮತ್ತೆ ಮಾಡಿದಾಗ ಹಾಗೆ ಉಳಿದದ್ದು ನೂರಕ್ಕೆ 36. ಉಳಿದ ಎಲ್ಲವೂ ಸುಳ್ಳೆಂದು ಇದರಿಂದ ತೀರ್ಮಾನಿಸಲಾಗದು. ಪುನರಾವರ್ತನೆಯೂ ಒಂದು ಪ್ರಯೋಗವೇ, ಅದೂ ಆಕಸ್ಮಿಕವಾಗಿ ಸೋಲಬಹುದು. ಆದರೆ ಕಂಡ ಪರಿಣಾಮಗಳ ಗಾತ್ರ ಸರಾಸರಿಯಲ್ಲಿ ಅರ್ಧಕ್ಕೆ ಇಳಿದಿತ್ತು. ಅದನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ.

ಪುನರಾವರ್ತನೆ ಎಂದರೆ ತಪ್ಪಾದ ಮೇಲೆ ಹಿಡಿಯುವ ಕೆಲಸ. ತಪ್ಪಿಗೆ ಮೊದಲೇ ಬೇಲಿ ಹಾಕುವ ಉಪಾಯ ಪೂರ್ವ ನೋಂದಣಿ. ಒಬ್ಬನೇ ಒಬ್ಬ ವ್ಯಕ್ತಿಯ ಮಾಹಿತಿ ಕೈಗೆ ಬರುವ ಮುನ್ನ, ತಮ್ಮ ಊಹೆ ಏನು, ಮುಖ್ಯವಾಗಿ ಅಳೆಯುವುದು ಯಾವುದನ್ನು, ಎಷ್ಟು ಜನರಾದ ಮೇಲೆ ನಿಲ್ಲಿಸುತ್ತೇವೆ, ಯಾರ ಉತ್ತರವನ್ನು ಯಾವ ಕಾರಣಕ್ಕೆ ಕೈಬಿಡುತ್ತೇವೆ, ಲೆಕ್ಕದ ವಿಧಾನ ಯಾವುದು ಎನ್ನುವುದನ್ನೆಲ್ಲ ಬರೆದು ಸಾರ್ವಜನಿಕ ದಾಖಲೆಯಲ್ಲಿ ದಿನಾಂಕ ಸಮೇತ ಸೇರಿಸುವುದು. ಹಾಡಿನ ಪ್ರಯೋಗ ಹೀಗೆ ನೋಂದಣಿಯಾಗಿದ್ದರೆ ಮೂರನೆಯ ಗುಂಪನ್ನು ಮುಚ್ಚಿಡಲು ಆಗುತ್ತಿರಲಿಲ್ಲ. ಅಪ್ಪನ ವಯಸ್ಸು ಆಮೇಲೆ ನುಸುಳಿದ್ದು ಎಂಬುದೂ ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಹೊಸದೇನನ್ನೂ ಹುಡುಕಬಾರದು ಎಂಬ ನಿಷೇಧ ಇದರಲ್ಲಿಲ್ಲ. ಹುಡುಕಿದ್ದನ್ನು ಹುಡುಕಿದ್ದು ಎಂದೇ ಹೇಳಬೇಕು, ಮೊದಲೇ ಊಹಿಸಿದ್ದೆವು ಎನ್ನಬಾರದು, ಅಷ್ಟೇ.

ಇದರ ಪರಿಣಾಮ ಚೆನ್ನಾಗಿ ಕಾಣುವುದು ವೈದ್ಯಕೀಯದಲ್ಲಿ. ಅಮೆರಿಕ ಸರ್ಕಾರದ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ ಹಣ ಕೊಟ್ಟ ದೊಡ್ಡ ಔಷಧ ಮತ್ತು ಪೂರಕ ಆಹಾರ ಪ್ರಯೋಗಗಳನ್ನು ರಾಬರ್ಟ್ ಕ್ಯಾಪ್ಲನ್ ಮತ್ತು ವೆರೋನಿಕಾ ಅರ್ವಿನ್ 2015ರಲ್ಲಿ ಒಟ್ಟುಗೂಡಿಸಿ ನೋಡಿದರು. 2000ಕ್ಕೆ ಮೊದಲು ಪ್ರಕಟವಾದ 30 ಪ್ರಯೋಗಗಳಲ್ಲಿ 17 ಲಾಭ ತೋರಿದ್ದವು. ಆ ವರ್ಷದ ಹೊತ್ತಿಗೆ ಮುಖ್ಯ ಅಳತೆಯನ್ನು ಮೊದಲೇ ನೋಂದಾಯಿಸುವ ಪದ್ಧತಿ ಬಂತು. ಅನಂತರದ 25ರಲ್ಲಿ ಲಾಭ ತೋರಿದ್ದು ಎರಡೇ ಎರಡು. ಆ ಅವಧಿಯಲ್ಲಿ ರೋಗಿಗಳ ಸಾಮಾನ್ಯ ಚಿಕಿತ್ಸೆಯೂ ಸುಧಾರಿಸಿದ್ದರಿಂದ ಹೊಸ ಔಷಧಕ್ಕೆ ಮೇಲುಗೈ ತೋರಿಸುವುದು ಕಷ್ಟವಾಗಿದ್ದಿರಬಹುದು. ಪೂರ್ತಿ ಶ್ರೇಯಸ್ಸನ್ನು ನೋಂದಣಿಗೆ ಕೊಡಲಾಗದು. ಆದರೂ ಹದಿನೇಳು ಎರಡಾದದ್ದು ಸಣ್ಣ ಮಾತಲ್ಲ.

ನೋಂದಣಿಯಿದ್ದ ಮಾತ್ರಕ್ಕೆ ಎಲ್ಲ ಸರಿಯಾಗಿಬಿಡುತ್ತದೆ ಎಂದೂ ಅಲ್ಲ. ‘ಆರೋಗ್ಯ ಸುಧಾರಿಸುತ್ತದೆ’ ಎಂದು ಹಾರಿಕೆಯಾಗಿ ಬರೆದಿಟ್ಟರೆ ಆಮೇಲೆ ಏನು ಬೇಕಾದರೂ ಅದರೊಳಗೆ ಹಿಡಿಸಬಹುದು. ಬರೆದಿಟ್ಟದ್ದನ್ನು ಪ್ರಬಂಧದ ಜೊತೆ ಹೋಲಿಸಿ ನೋಡುವವರೂ ಬೇಕು. ಪೂರ್ವ ನೋಂದಣಿಯಂಥ ಎಚ್ಚರಿಕೆಗಳಿಂದ ಫಲಿತಾಂಶಗಳು ಗಟ್ಟಿಯಾಗುತ್ತವೆ ಎಂದು 2023ರಲ್ಲಿ ಸಾರಿದ ಪ್ರಬಂಧವೊಂದನ್ನು ಮರುವರ್ಷ ಹಿಂತೆಗೆದುಕೊಳ್ಳಬೇಕಾಯಿತು. ಅದರ ಲೇಖಕರಲ್ಲಿ ನೊಸೆಕ್ ಕೂಡ ಒಬ್ಬರು. ಎಲ್ಲ ವಿಶ್ಲೇಷಣೆಯೂ ಪೂರ್ವ ನೋಂದಣಿಯಾಗಿದೆ ಎಂದು ಅದರಲ್ಲಿ ಬರೆದಿತ್ತು, ಹಾಗೆ ಆಗಿರಲಿಲ್ಲ. ಇಬ್ಬರು ಸಂಶೋಧಕರು ಮೂಲ ದಾಖಲೆ ತೆರೆದು ಓದಿದ್ದರಿಂದ ಇದು ಹೊರಬಿತ್ತು.

ಆ ಕೆಲಸವನ್ನು ನಾವೂ ಒಂದಿಷ್ಟು ಮಾಡಬಹುದು. ಭಾರತದಲ್ಲಿ ರೋಗಿಗಳ ಮೇಲೆ ನಡೆಯುವ ಔಷಧ ಪ್ರಯೋಗಗಳಿಗೆ ಐಸಿಎಂಆರ್ 2007ರಿಂದ ಒಂದು ನೋಂದಣಿ ನಡೆಸುತ್ತಿದೆ. 2009ರಿಂದ ಅದು ಕಡ್ಡಾಯ, ಯಾರು ಬೇಕಾದರೂ ಪುಕ್ಕಟೆ ಹುಡುಕಿ ನೋಡಬಹುದು. ಮಂಡಿನೋವಿಗೋ ಸಕ್ಕರೆ ಕಾಯಿಲೆಗೋ ‘ವೈಜ್ಞಾನಿಕವಾಗಿ ಸಾಬೀತಾದ’ ಔಷಧ ಎಂಬ ಜಾಹೀರಾತು ಕಂಡರೆ CTRI ಎಂದು ಶುರುವಾಗುವ ನೋಂದಣಿ ಸಂಖ್ಯೆ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿದ್ದರೆ ಆ ದಾಖಲೆ ತೆರೆದು ಎರಡೇ ಸಂಗತಿ ಗಮನಿಸಿ: ನೋಂದಣಿಯ ದಿನಾಂಕ ಮೊದಲ ರೋಗಿ ಸೇರಿದ ದಿನಾಂಕಕ್ಕಿಂತ ಹಿಂದಿನದೇ, ಮತ್ತು ಅಲ್ಲಿ ಮುಖ್ಯ ಅಳತೆ ಎಂದು ಬರೆದದ್ದೇ ಜಾಹೀರಾತಿನಲ್ಲೂ ಇದೆಯೇ. ಎರಡರಲ್ಲಿ ಒಂದು ತಾಳೆಯಾಗದಿದ್ದರೂ ಆ ಔಷಧದ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳದೆ ದುಡ್ಡು ಬಿಚ್ಚಬೇಡಿ.