ಟಿಕೆಟ್ ಚಿತ್ರದಿಂದ ಪ್ರಯಾಣದ ಪಟ್ಟಿ

ಮನೆಮಂದಿಯ ವಾಟ್ಸಾಪ್ ಗುಂಪಿಗೆ ರೈಲು ಟಿಕೆಟಿನ ಸ್ಕ್ರೀನ್‌ಶಾಟ್ ಬಂದ ಕೂಡಲೇ ನಾಲ್ಕು ಸಾಲು ಬರೆದಿಟ್ಟುಕೊಂಡರೆ ಗಡಿಬಿಡಿ ತಪ್ಪುತ್ತದೆ: ಪ್ರಯಾಣಿಕರು, ಸೀಟು, ಹೊರಡುವ ಸಮಯ, ಹತ್ತುವ ನಿಲ್ದಾಣ.

ಹೆಚ್ಚು ಜನ ಎಡವುವುದು ಕೊನೆಯ ಸಾಲಿನಲ್ಲಿ. Booked From ಎಂಬಲ್ಲಿ ಕೆಎಸ್‌ಆರ್ ಬೆಂಗಳೂರು ಎಂದಿದ್ದು, Boarding At ಎಂಬಲ್ಲಿ ಯಶವಂತಪುರ ಎಂದಿದೆ ಎನ್ನಿ. ಪಟ್ಟಿಗೆ ಸೇರಬೇಕಾದದ್ದು ಯಶವಂತಪುರವೇ. ಹತ್ತುವ ನಿಲ್ದಾಣ ಬದಲಿಸಿಕೊಂಡವರಿಗೆ ಮೊದಲಿನ ನಿಲ್ದಾಣದಲ್ಲಿ ಹತ್ತುವ ಹಕ್ಕು ಉಳಿಯುವುದಿಲ್ಲ.

CNF/S4/23 ಎಂದರೆ ಖಚಿತವಾದ ಟಿಕೆಟ್, ಎಸ್4 ಬೋಗಿ, 23ನೇ ಬರ್ತ್. ಪ್ರತಿ ಹೆಸರಿನ ಮುಂದೆಯೂ ಇದನ್ನು ಬೇರೆಯಾಗಿ ಬರೆಯಬೇಕು. ಒಂದೇ ಕುಟುಂಬದವರಿಗೂ ಬೇರೆ ಬೋಗಿ ಸಿಗುವುದುಂಟು.

15ರ 00:10ಕ್ಕೆ ಹೊರಡುವ ರೈಲಿಗೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು.

WL ಎಂದಿದ್ದರೆ ಚಿತ್ರವನ್ನು ನಂಬಿ ಕೂರಬೇಡಿ. ಚಾರ್ಟ್ ಸಿದ್ಧವಾದ ಮೇಲೆ ಪಿಎನ್‌ಆರ್ ಹಾಕಿ ಮತ್ತೆ ನೋಡಿ, ಪಟ್ಟಿಯನ್ನು ತಿದ್ದಿಕೊಳ್ಳಿ.