ರೂಪಾಯಿಯ ಕುಸಿತವೂ ಡಾಲರಿನ ಬೊಕ್ಕಸವೂ

೨೦೧೩ನೆಯ ಇಸವಿಯ ಆಗಸ್ಟ್ ೨೮ರಂದು ಮುಂಬಯಿಯ ವಿನಿಮಯದ ಪೇಟೆಯಲ್ಲಿ ಒಂದು ಡಾಲರಿನ ಬೆಲೆ ೬೯ ರೂಪಾಯಿಗಳ ಹತ್ತಿರಕ್ಕೆ ಏರಿತು. ಅದೇ ಡಾಲರು ಮೇ ತಿಂಗಳಲ್ಲಿ ೫೫ ರೂಪಾಯಿ ಚಿಲ್ಲರೆಗೆ ದೊರೆಯುತ್ತಿದ್ದಿತು. ನೂರು ದಿನಗಳೊಳಗಾಗಿ ರೂಪಾಯಿಯು ಹೊರನಾಡಿನ ಪೇಟೆಯಲ್ಲಿ ತನ್ನ ಬೆಲೆಯ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಂತಾಯಿತು. ಆ ದಿನ ಸಂಜೆ ರಿಸರ್ವ್ ಬ್ಯಾಂಕು ಒಂದು ಸಣ್ಣ ಪ್ರಕಟಣೆಯನ್ನು ಹೊರಡಿಸಿತು. ಮರುದಿನವೇ ಡಾಲರಿನ ಬೆಲೆ ಎರಡು ರೂಪಾಯಿಗಳಿಗೂ ಮಿಕ್ಕಿ ಇಳಿಯಿತು. ಆ ಪ್ರಕಟಣೆಯಲ್ಲಿ ಏನಿದ್ದಿತು, ಅದು ಹೇಗೆ ಫಲಿಸಿತು ಎಂಬುದನ್ನು ಅರಿತರೆ, ದೇಶವೊಂದು ವಿದೇಶೀ ನಾಣ್ಯವನ್ನು ಕೂಡಿಟ್ಟುಕೊಳ್ಳುವುದೇತಕ್ಕೆಂಬುದು ಮನೆಯ ಖರ್ಚಿನ ಲೆಕ್ಕದಂತೆಯೇ ತಿಳಿಯಾಗಿ ಕಾಣುತ್ತದೆ.

ಮೊದಲು ಕುಸಿತದ ಕಾರಣವನ್ನು ನೋಡೋಣ. ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಬೆನ್ ಬರ್ನಾಂಕಿಯವರು ಆ ವರ್ಷದ ಮೇ ೨೨ರಂದು, ತಾವು ತಿಂಗಳು ತಿಂಗಳು ಸಾಲಪತ್ರಗಳನ್ನು ಕೊಂಡು ಹಣವನ್ನು ಅಗ್ಗವಾಗಿಟ್ಟಿದ್ದ ಕ್ರಮವನ್ನು ಮುಂದೆ ತಗ್ಗಿಸಬಹುದೆಂದು ಸೂಚಿಸಿದರು. ಅಷ್ಟು ಮಾತೇ ಸಾಕಾಯಿತು. ಹೆಚ್ಚಿನ ಬಡ್ಡಿಯ ಆಸೆಯಿಂದ ಭಾರತಕ್ಕೆ ಬಂದಿದ್ದ ಪರದೇಶದ ಹಣವು ತೌರಿನ ದಾರಿ ಹಿಡಿಯಿತು. ನಮ್ಮ ಸ್ಥಿತಿಯೂ ಗಟ್ಟಿಯಾಗಿರಲಿಲ್ಲ. ೨೦೧೨–೧೩ರಲ್ಲಿ ಹೊರದೇಶಗಳೊಡನೆ ನಮ್ಮ ಚಾಲ್ತಿ ಲೆಕ್ಕದ ಕೊರತೆಯು ಸುಮಾರು ೮,೮೦೦ ಕೋಟಿ ಡಾಲರುಗಳಷ್ಟಿದ್ದಿತು. ಅದರಲ್ಲಿ ಎಣ್ಣೆಗೂ ಚಿನ್ನಕ್ಕೂ ದೊಡ್ಡ ಪಾಲು. ನಮ್ಮ ಮನೆಗಳ ಒಡವೆಯ ಮೋಹವೂ ಇದಕ್ಕೆ ಕೈಗೂಡಿಸಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆ ಆಗಸ್ಟಿನಲ್ಲಿಯೇ ಸರ್ಕಾರವು ಚಿನ್ನದ ಆಮದಿನ ಸುಂಕವನ್ನು ನೂರಕ್ಕೆ ಹತ್ತಕ್ಕೆ ಏರಿಸಿತು.

ಇಷ್ಟು ಕಾರಣಗಳಿರುವಾಗ ರೂಪಾಯಿಯು ಸ್ವಲ್ಪ ಇಳಿಯುವುದು ನ್ಯಾಯವೇ ಸರಿ. ತೊಡಕಿರುವುದು ಇಳಿತದಲ್ಲಲ್ಲ, ಅದರ ವೇಗದಲ್ಲಿ. ಅಕ್ಕಿಯ ಬೆಲೆ ಏರಿದರೆ ಕೊಳ್ಳುವವರು ಕೈ ಹಿಡಿಯುತ್ತಾರೆ. ಭೀತಿಯ ಕಾಲದಲ್ಲಿ ಡಾಲರಿನ ಪೇಟೆಯು ಇದಕ್ಕೆ ತಲೆಕೆಳಗಾಗಿ ನಡೆಯುತ್ತದೆ. ಮೂರು ತಿಂಗಳ ಮೇಲೆ ಹಣ ಸಲ್ಲಿಸಬೇಕಾದ ಆಮದು ವರ್ತಕನು, ನಾಳೆ ಇನ್ನೂ ತುಟ್ಟಿಯಾದೀತೆಂದು ಇಂದೇ ಡಾಲರನ್ನು ಕೊಳ್ಳುತ್ತಾನೆ. ಸರಕನ್ನು ರಫ್ತು ಮಾಡಿ ಡಾಲರು ಗಳಿಸಿದವನು, ನಾಳೆ ಹೆಚ್ಚು ರೂಪಾಯಿ ಬಂದೀತೆಂದು ಅದನ್ನು ಹೊರದೇಶದಲ್ಲಿಯೇ ಉಳಿಸುತ್ತಾನೆ. ಹೀಗೆ ಮೂರು ತಿಂಗಳ ಬೇಡಿಕೆಯೆಲ್ಲವೂ ಒಂದೇ ದಿನಕ್ಕೆ ಬಂದೊದಗುತ್ತದೆ. ಇಂದಿನ ಪೂರೈಕೆ ಮುಂದಕ್ಕೆ ಹೋಗುತ್ತದೆ. ಈ ನಡುವಣ ಬಿರುಕನ್ನು ತುಂಬುವುದೇ ಕೇಂದ್ರ ಬ್ಯಾಂಕಿನ ಕೆಲಸ. ಒಂದು ಬೆಲೆಯನ್ನು ಗುರುತಿಸಿ ಅದರ ಮುಂದೆ ಎದೆಯೊಡ್ಡಿ ನಿಲ್ಲುವುದು ಅದರ ಕೆಲಸವಲ್ಲ.

ಸಾಮಾನ್ಯವಾದ ಕ್ರಮವೆಂದರೆ ಡಾಲರುಗಳನ್ನು ಮಾರುವುದು. ರಿಸರ್ವ್ ಬ್ಯಾಂಕು ತಾನೇ ಪೇಟೆಯಲ್ಲಿ ಕೂಗುವುದಿಲ್ಲ. ಬಹುಮಟ್ಟಿಗೆ ಸರ್ಕಾರೀ ಬ್ಯಾಂಕುಗಳ ಕೈಯಿಂದ ಮಾರಿಸುತ್ತದೆ. ಆದರೆ ಈ ಮಾರಾಟಕ್ಕೆ ಇನ್ನೊಂದು ಮುಖವುಂಟು. ೧೦೦ ಕೋಟಿ ಡಾಲರುಗಳನ್ನು ೬೫ ರೂಪಾಯಿಯಂತೆ ಮಾರಿದರೆಂದು ಇಟ್ಟುಕೊಳ್ಳಿ. ಕೊಂಡವರು ಕೊಟ್ಟ ೬,೫೦೦ ಕೋಟಿ ರೂಪಾಯಿಗಳು ರಿಸರ್ವ್ ಬ್ಯಾಂಕಿನೊಳಕ್ಕೆ ಸೇರಿ ಚಲಾವಣೆಯಿಂದ ಮರೆಯಾಗುತ್ತವೆ. ದೇಶದೊಳಗೆ ಹಣ ಬಿಗಿಯಾಗಿ ಬಡ್ಡಿ ಏರುತ್ತದೆ. ಅದು ಬೇಡವಾದರೆ ಬ್ಯಾಂಕು ಸರ್ಕಾರದ ಸಾಲಪತ್ರಗಳನ್ನು ಕೊಂಡು ಅಷ್ಟೇ ರೂಪಾಯಿಗಳನ್ನು ಹಿಂದಕ್ಕೆ ಬಿಡಬೇಕು. ಆದರೆ ಕೈಬಿಟ್ಟ ರೂಪಾಯಿಯೇ ಮತ್ತೆ ಡಾಲರನ್ನು ಕೊಳ್ಳಲು ಬರುವ ಭಯವೂ ಉಂಟು. ೨೦೧೩ರಲ್ಲಿ ಬ್ಯಾಂಕು ಬಿಗಿಯನ್ನೇ ಆರಿಸಿಕೊಂಡಿತು. ಜುಲೈ ೧೫ರಂದು, ಬ್ಯಾಂಕುಗಳು ತುರ್ತಿಗೆ ಪಡೆಯುವ ಸಾಲದ ಬಡ್ಡಿಯನ್ನು ನೂರಕ್ಕೆ ೧೦.೨೫ಕ್ಕೆ ಏರಿಸಿತು. ಅಂಗಡಿ, ಕಾರ್ಖಾನೆಗಳಿಗೆ ಇದರ ಬಿಸಿ ತಟ್ಟಿತು. ಆದರೂ ರೂಪಾಯಿ ನಿಲ್ಲಲಿಲ್ಲ.

ಆಗ ಬಂದುದೇ ಆಗಸ್ಟ್ ೨೮ರ ಪ್ರಕಟಣೆ. ಪೇಟೆಯಲ್ಲಿ ಡಾಲರನ್ನು ಕೊಳ್ಳುವವರಲ್ಲಿ ಎಲ್ಲರಿಗಿಂತ ದೊಡ್ಡವರೆಂದರೆ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ಥಾನ್ ಪೆಟ್ರೋಲಿಯಂ ಎಂಬ ಮೂರು ಸರ್ಕಾರೀ ಎಣ್ಣೆಯ ಕಂಪನಿಗಳು. ಅವಕ್ಕೆ ದಿನವೊಂದಕ್ಕೆ ಸುಮಾರು ೪೦ರಿಂದ ೫೦ ಕೋಟಿ ಡಾಲರು ಬೇಕಾಗುತ್ತಿದ್ದಿತು. ಎಣ್ಣೆಯಿಲ್ಲದೆ ದೇಶ ನಡೆಯದಾದುದರಿಂದ ಅವು ಯಾವ ಬೆಲೆಗಾದರೂ ಕೊಳ್ಳಲೇ ಬೇಕು. ಇದು ಪೇಟೆಯವರಿಗೆಲ್ಲ ತಿಳಿದ ಗುಟ್ಟು. ರಿಸರ್ವ್ ಬ್ಯಾಂಕು ಈ ಮೂವರನ್ನೂ ಪೇಟೆಯಿಂದಲೇ ಎಬ್ಬಿಸಿ ಕರೆದುಕೊಂಡಿತು. ನಿಮ್ಮ ದಿನದ ಅಗತ್ಯವೆಲ್ಲವನ್ನೂ ಒಂದು ನಿಯಮಿತ ಬ್ಯಾಂಕಿನ ಮೂಲಕ ನಾವೇ ಕೊಡುತ್ತೇವೆ ಎಂದಿತು. ಅದು ಮಾರಾಟವೂ ಅಲ್ಲ, ಕೈಬದಲು. ಇಂದು ರೂಪಾಯಿ ಕೊಟ್ಟು ಡಾಲರು ತೆಗೆದುಕೊಳ್ಳುವುದು. ಗೊತ್ತಾದ ದಿನ ಡಾಲರು ಮರಳಿಸಿ ರೂಪಾಯಿ ಪಡೆಯುವುದು. ಇದಕ್ಕೆ ಪೇಟೆಯಲ್ಲಿ ಸ್ವಾಪ್ ಎಂದು ಹೆಸರು. ಇದರಿಂದ ಬೇಡಿಕೆಯು ಅಳಿಯಲಿಲ್ಲ. ಗುಂಪು ಕರಗಿದ ಮೇಲೆ ಬರುವಂತೆ ಮುಂದಕ್ಕೆ ಸರಿಯಿತು. ಭೀತಿಗೆ ಇಂಬಾಗಿದ್ದ ಕೊಳ್ಳುವವರೇ ಇಲ್ಲವಾದಾಗ, ಏರುವ ಬೆಲೆಯನ್ನು ನಂಬಿ ಡಾಲರು ಹಿಡಿದಿದ್ದವರು ಅದನ್ನು ಬಿಟ್ಟುಕೊಡಬೇಕಾಯಿತು.

ಆದರೆ ಸ್ವಾಪು ಸಾಲವೇ ಹೊರತು ದಾನವಲ್ಲ. ಮರಳಿಸುವ ದಿನಕ್ಕೆ ಡಾಲರು ದೇಶದೊಳಕ್ಕೆ ಬಂದಿರದಿದ್ದರೆ ಕಂಪನಿಗಳು ಮತ್ತೆ ಪೇಟೆಗೆ ನುಗ್ಗಿ ಎರಡನೆಯ ಕುಸಿತವನ್ನು ತರುತ್ತಿದ್ದುವು. ಮುಂದಿನ ದಿನಕ್ಕೆ ಮಾತು ಕೊಟ್ಟು ಕೆಟ್ಟುದಕ್ಕೆ ಥಾಯ್ಲೆಂಡಿನ ಕಥೆಯೇ ಸಾಕ್ಷಿ. ೧೯೯೭ರಲ್ಲಿ ಆ ದೇಶದ ಕೇಂದ್ರ ಬ್ಯಾಂಕು ತನ್ನ ನಾಣ್ಯವಾದ ಬಾತಿನ ನಿಶ್ಚಿತ ಬೆಲೆಯನ್ನು ಉಳಿಸಿಕೊಳ್ಳಲು ಹೋರಾಡಿತು. ಹೊರಗೆ ತೋರಿದ ಸಂಗ್ರಹವು ದೊಡ್ಡದಾಗಿಯೇ ಇದ್ದಿತು. ಒಳಗೆ ೨,೩೦೦ ಕೋಟಿ ಡಾಲರುಗಳಷ್ಟನ್ನು ಮುಂದೆ ಕೊಡುವುದಾಗಿ ಕರಾರುಗಳಾಗಿ ಹೋಗಿದ್ದುವು. ಕಳೆದರೆ ಉಳಿಯುವುದು ಅತ್ಯಲ್ಪ. ಜುಲೈ ೨ರಂದು ಅದು ಸೋತು ಕೈಬಿಟ್ಟಿತು.

ರಿಸರ್ವ್ ಬ್ಯಾಂಕು ಕೆರೆಯ ತೂಬನ್ನು ತೆರೆದುದರ ಜೊತೆಗೆ ಕಾಲುವೆಯಿಂದ ನೀರನ್ನೂ ತರಿಸಿತು. ಸೆಪ್ಟೆಂಬರ್ ೪ರಂದು ಗವರ್ನರ್ ಪದವಿಗೆ ಬಂದ ರಘುರಾಮ ರಾಜನ್ ಅವರು ಅಂದೇ ಒಂದು ಏರ್ಪಾಡನ್ನು ಸಾರಿದರು. ಅನಿವಾಸಿ ಭಾರತೀಯರಿಂದ ಬ್ಯಾಂಕುಗಳು ಮೂರು ವರ್ಷಕ್ಕೆ ಕಡಮೆಯಿಲ್ಲದಂತೆ ಡಾಲರು ಠೇವಣಿ ತಂದರೆ, ಮುಂದೆ ಡಾಲರು ತುಟ್ಟಿಯಾದರೂ ಅದರ ಹೊರೆಯನ್ನು ವರ್ಷಕ್ಕೆ ನೂರಕ್ಕೆ ೩.೫ರ ಗೊತ್ತಾದ ಶುಲ್ಕಕ್ಕೆ ರಿಸರ್ವ್ ಬ್ಯಾಂಕೇ ಹೊರುವುದು. ಬ್ಯಾಂಕುಗಳು ಹೊರದೇಶದಲ್ಲಿ ಎತ್ತಿದ ಸಾಲವೂ ಸೇರಿ ನವೆಂಬರ್ ಮುಗಿಯುವುದರೊಳಗೆ ೩,೪೦೦ ಕೋಟಿ ಡಾಲರುಗಳು ಬಂದುವು. ಇದೆಲ್ಲ ಕೇವಲ ದೇಶಪ್ರೇಮದ ಹಣವೆಂದು ಭಾವಿಸಬಾರದು. ಠೇವಣಿದಾರರಲ್ಲಿ ಎಷ್ಟೋ ಮಂದಿ ಅಲ್ಲಿನ ಬ್ಯಾಂಕುಗಳಲ್ಲಿ ಸಾಲ ಮಾಡಿ ಇಲ್ಲಿ ಇಟ್ಟವರು. ಎಣ್ಣೆಯ ಕಂಪನಿಗಳು ಹಂತ ಹಂತವಾಗಿ ಪೇಟೆಗೆ ಹಿಂದಿರುಗಿದುವು. ಡಾಲರು ೬೨ ರೂಪಾಯಿಯ ಆಚೀಚೆ ನಿಂತಿತು. ೫೫ಕ್ಕೆ ಮರಳಲಿಲ್ಲ, ಮರಳಿಸಲು ಬ್ಯಾಂಕು ಯತ್ನಿಸಲೂ ಇಲ್ಲ. ೨೦೧೬ರಲ್ಲಿ ಠೇವಣಿಗಳ ಅವಧಿ ತೀರಿದಾಗ, ಮೊದಲೇ ಡಾಲರು ಹೊಂದಿಸಿಟ್ಟಿದ್ದುದರಿಂದ ಅವು ಸದ್ದಿಲ್ಲದೆ ಸಂದುವು.

ಈ ಸಂಗ್ರಹದ ಲೆಕ್ಕವು ವಾರಕ್ಕೊಮ್ಮೆ ಪತ್ರಿಕೆಗಳಲ್ಲಿ ಬರುತ್ತದೆ. ಅದು ಇಳಿದುದನ್ನು ಕಂಡೊಡನೆ ಡಾಲರು ಮಾರಿ ಕಳೆದರೆಂದು ತಿಳಿಯಬಾರದು. ಬೊಕ್ಕಸದಲ್ಲಿ ಯೂರೋ, ಪೌಂಡು, ಯೆನ್, ಚಿನ್ನಗಳೂ ಇವೆ; ಎಣಿಕೆ ಮಾತ್ರ ಡಾಲರಿನಲ್ಲಿ. ಡಾಲರು ಬಲಿತರೆ ಉಳಿದವುಗಳ ಬೆಲೆ ತಗ್ಗಿ ಮೊತ್ತ ತಾನಾಗಿ ಕುಗ್ಗುತ್ತದೆ. ೨೦೨೨ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಕಂಡ ಇಳಿತದಲ್ಲಿ ನೂರಕ್ಕೆ ೬೭ರಷ್ಟು ಇಂಥದೇ ಎಂದು ರಿಸರ್ವ್ ಬ್ಯಾಂಕೇ ಹೇಳಿತು. ನಿಜವಾಗಿ ಮಾರಿದುದೆಷ್ಟು, ಮುಂದಕ್ಕೆ ಕೊಡುವುದಾಗಿ ಒಪ್ಪಿದುದೆಷ್ಟು ಎಂಬ ಲೆಕ್ಕ ಬೇರೆ. ಅದು ಬ್ಯಾಂಕಿನ ಮಾಸಿಕ ಬುಲೆಟಿನ್ನಿನಲ್ಲಿ ಸುಮಾರು ಎರಡು ತಿಂಗಳು ತಡವಾಗಿ ಅಚ್ಚಾಗುತ್ತದೆ.